ಫೋಟೋದಲ್ಲಿ ರುಮಾಲು ಸರಿ ಕೂತಿದೆಯೇ? ಹೀಗೆ ನೋಡಿ

ಬಾಗಲಕೋಟೆ ಕಡೆ ಮದುವೆ ಫೋಟೋ ಕೈಗೆ ಬಂದರೆ ಮನೆಯವರ ಕಣ್ಣು ಮೊದಲು ಹೋಗುವುದು ವರನ ರುಮಾಲಿಗೆ. "ಸೊಟ್ಟ ಆಗೇತಿ ನೋಡ್ರಿ" ಎಂದು ಒಬ್ಬರಾದರೂ ಅಂದೇ ಅನ್ನುತ್ತಾರೆ. ಸೊಟ್ಟ ಆಗಿದ್ದು ರುಮಾಲೋ, ತಲೆಯೋ, ಹಿಡಿದ ಮೊಬೈಲೋ? ಮೊದಲು ಇದು ಗೊತ್ತಾಗಬೇಕು.

ನನ್ನ ಅಕ್ಕನ ಮಗನ ಮದುವೆಯಲ್ಲಿ ಹೀಗೇ ಆಯಿತು. ಅಕ್ಕಿಕಾಳಿಗೆ ಇನ್ನೂ ಅರ್ಧ ತಾಸು ಇತ್ತು. ಯಾರೋ ತೆಗೆದ ಫೋಟೋ ತೋರಿಸಿ, "ಮಾಮಾ, ಇದು ಸರಿ ಕುಂತಿಲ್ಲ ಅನಸ್ತದ, ಬಿಚ್ಚಿ ಮತ್ತ ಸುತ್ತಸ್ಲೇನು?" ಎಂದು ಅಳಿಯ ಕೇಳಿದ. 5–6 ಮೀಟರ್ ಬಟ್ಟೆ. ಬಿಚ್ಚಿದರೆ ಮೊದಲಿನ ನಿರಿಗೆ ಮತ್ತೆ ಬರುವುದು ಕಷ್ಟ. ತಡಿ ಎಂದು ಫೋಟೋ ದೊಡ್ಡದು ಮಾಡಿ ನೋಡಿದೆ.

ಮೊದಲು ಹಿಂದಿನ ಬಾಗಿಲು, ಕಂಬ, ಗೋಡೆಯ ಅಂಚು ನೋಡಿ. ಅವು ನೆಟ್ಟಗಿಲ್ಲದಿದ್ದರೆ ಮೊಬೈಲ್ ವಾಲಿದೆ ಎಂದರ್ಥ. ಆಗ ಫೋಟೋ ತುಸು ತಿರುಗಿಸಿದರೆ ಸಾಕು. ಅಳಿಯನ ಹಿಂದಿದ್ದ ಬಾಗಿಲು ನೆಟ್ಟಗೇ ಇತ್ತು.

ಆಮೇಲೆ ಒಂದು ಕಾಗದದ ಅಂಚನ್ನು ಎರಡೂ ಕಣ್ಣಿನ ಪಾಪೆಗಳ ಮೇಲೆ ಹಾಯುವಂತೆ ಪರದೆಗೆ ಹಿಡಿಯಿರಿ. ಇದು ಕಣ್ಣಿನ ಗೆರೆ. ಅದೇ ಓರೆಯಾಗಿದ್ದರೆ ತಲೆ ವಾಲಿದೆ, ರುಮಾಲಿನ ತಪ್ಪಲ್ಲ. ಕಣ್ಣಿನ ಗೆರೆ ಸರಿಯಿದ್ದರೆ ಕಿವಿಯ ಕಡೆ ಬನ್ನಿ. ಇಲ್ಲಿ ಬಹಳ ಜನ ತಪ್ಪುತ್ತಾರೆ. ಹಣೆಯ ಮೇಲಿನ ಅಂಚು ನೋಡಿ ಸೊಟ್ಟ ಅನ್ನುತ್ತಾರೆ. ಆದರೆ ಸುತ್ತು ಹಣೆಯ ಮೇಲೆ ಓರೆಯಾಗಿ ಹಾಯುವುದೇ ರುಮಾಲಿನ ರೀತಿ. ಅಲ್ಲಿ ಓರೆ ಇದ್ದರೆ ಚಂದವೇ. ಸಮತೋಲ ತಿಳಿಯುವುದು ಕಿವಿಯ ಮೇಲೆ. ಎರಡೂ ಬದಿ ಕಿವಿಯ ತುದಿಯಿಂದ ಅಂಚು ಒಂದೇ ಎತ್ತರದಲ್ಲಿ ಇರಬೇಕು. ಮುಖ ಒಂದು ಕಡೆ ತಿರುಗಿದ ಫೋಟೋದಲ್ಲಿ ಈ ಅಳತೆ ನಡೆಯುವುದಿಲ್ಲ, ಎದುರಿನಿಂದ ತೆಗೆದದ್ದೇ ಬೇಕು. ಅಳಿಯನ ಫೋಟೋದಲ್ಲಿ ಎಡಗಡೆ ಅಂಚು ಕಿವಿಗೆ ತಾಗಿತ್ತು. ಬಲಗಡೆ ಒಂದು ಬೆರಳಷ್ಟು ಮೇಲೆ ಹೋಗಿತ್ತು. ಅಂದರೆ ರುಮಾಲೇ ಜರುಗಿತ್ತು.

ಇನ್ನು ಹಣೆ. ನಮ್ಮ ಕಡೆ ವರನ ಹಣೆಗೆ ಮೂರು ಎಳೆ ವಿಭೂತಿ ಇದ್ದರೆ ಅದೇ ಒಳ್ಳೆಯ ಅಳತೆಗೋಲು. ಮೂರೂ ಎಳೆ ಪೂರ್ತಿ ಕಾಣಬೇಕು, ಮೇಲಿನ ಎಳೆಗೂ ಅಂಚಿಗೂ ನಡುವೆ ಸ್ವಲ್ಪ ಚರ್ಮ ಕಾಣಬೇಕು. ಮೇಲಿನ ಎಳೆ ಮುಚ್ಚಿದ್ದರೆ ರುಮಾಲು ಕೆಳಗೆ ಇಳಿದಿದೆ. ಅಂಥ ಫೋಟೋದಲ್ಲಿ ಹುಬ್ಬಿನ ಕೆಳಗೆ ನೆರಳು ಬಿದ್ದು ಕಣ್ಣು ಮಂಕಾಗುತ್ತವೆ. ಅಂಚಿನ ಕೆಳಗೆ ತಲೆಕೂದಲು ಕಂಡರೆ ಮೇಲೆ ಹೋಗಿದೆ, ಎಣ್ಣೆ ಹಚ್ಚಿದ ತಲೆಯಲ್ಲಿ ಇದು ಜಾಸ್ತಿ. ವಿಭೂತಿ ಇಲ್ಲದವರಿಗೆ ಹುಬ್ಬಿನ ಮೇಲೆ ಅವರದೇ ಎರಡು ಬೆರಳಿನ ಜಾಗ ಎಂದು ಇಟ್ಟುಕೊಳ್ಳಿ. ಒಂದು ಎಚ್ಚರ: ಗದ್ದ ತಗ್ಗಿಸಿದರೆ ಹಣೆ ಇದ್ದ ಅಳತೆಯಲ್ಲೇ ಕಾಣುವುದಿಲ್ಲ. ಕ್ಯಾಮೆರಾ ಕಣ್ಣಿನ ಎತ್ತರದಲ್ಲಿದ್ದು ತೆಗೆದ ಫೋಟೋವನ್ನೇ ನಂಬಿ.

ಬಾಸಿಂಗ ಕಟ್ಟಿದ ಮೇಲೆ ಲೆಕ್ಕ ಬದಲಾಗುತ್ತದೆ. ಅದರ ದಾರ ಬಿಗಿದಾಗ ಅಂಚು ಕೆಳಗೆ ಜಗ್ಗುತ್ತದೆ. ಹಾಗಾಗಿ ಬಾಸಿಂಗಕ್ಕೆ ಮುಂಚೆ ಒಂದು ಫೋಟೋ, ನಂತರ ಒಂದು ಫೋಟೋ ತೆಗೆದು ಪಕ್ಕಪಕ್ಕ ಇಟ್ಟು ನೋಡುವುದು ನನ್ನ ರೂಢಿ.

ನಿರಿಗೆ ನೋಡುವಾಗ ಎಲ್ಲವೂ ಇಸ್ತ್ರಿ ಹೊಡೆದಂತೆ ಇರಬೇಕು ಎಂದು ಹುಡುಕಬೇಡಿ. ಮಡಿಕೆಗಳು ಒಂದರ ಪಕ್ಕ ಒಂದು ಸಾಗಿ ಒಂದೇ ಕಡೆ ಸೇರುತ್ತವೆಯೇ, ಅಷ್ಟು ನೋಡಿ. ಒಂದು ಮಡಿಕೆ ಉಬ್ಬಿ ಪಕ್ಕದ್ದನ್ನು ನುಂಗಿದ್ದರೆ ಅಲ್ಲಿ ಸುತ್ತು ಸಡಿಲಾಗಿದೆ. ಹಣೆಯ ಚರ್ಮ ಸುಕ್ಕುಗಟ್ಟಿ, ಕಿವಿ ಹೊರಗೆ ಮಡಚಿದ್ದರೆ ಬಿಗಿ ಜಾಸ್ತಿಯಾಗಿದೆ.

ಅಳಿಯನ ನಿರಿಗೆ ಚೆನ್ನಾಗಿಯೇ ಇದ್ದವು. ಹಾಗಾದರೆ ಬಲಗಡೆ ಏರಿದ್ದೇಕೆ? ಅವನ ಬೆನ್ನ ಹಿಂದೆ ನೋಡಿದೆ. ಎಡಗಡೆ ಇಳಿಬಿಟ್ಟ ಚುಂಗು ಕುರ್ಚಿಯ ಬೆನ್ನಿಗೆ ಸಿಕ್ಕಿತ್ತು. ಅವನು ಮುಂದೆ ಬಾಗಿದಾಗಲೆಲ್ಲ ರುಮಾಲು ಹಿಂದಕ್ಕೆ ಎಡಕ್ಕೆ ಜಗ್ಗುತ್ತಿತ್ತು. ಚುಂಗು ಬಿಡಿಸಿ, ಎರಡೂ ಅಂಗೈಯಿಂದ ಕಿವಿಯ ಮೇಲೆ ಹಿಡಿದು ಬಲಗಡೆ ಅಂಚನ್ನು ಮೆಲ್ಲಗೆ ಒಂದು ಬೆರಳು ಇಳಿಸಿದೆ. ಬಿಚ್ಚುವ ಪ್ರಸಂಗ ಬರಲಿಲ್ಲ. ಮತ್ತೊಂದು ಫೋಟೋ ತೆಗೆದೆ. ಈ ಸಲ ಎರಡು ಹೆಜ್ಜೆ ಹಿಂದೆ ನಿಂತು ಜೂಮ್ ಮಾಡಿದೆ, ಏಕೆಂದರೆ ಹತ್ತಿರದಿಂದ ತೆಗೆದರೆ ಮೂಗು ಹಣೆ ದೊಡ್ಡದಾಗಿ, ಕಿವಿಯ ಬದಿಯ ಅಂಚು ಹಿಂದೆ ಸರಿದಂತೆ ಕಾಣುತ್ತದೆ. ಎರಡೂ ಕಿವಿಯ ಮೇಲೆ ಅಂಚು ಸಮ ಬಂದಿತ್ತು, ವಿಭೂತಿಯ ಮೂರೂ ಎಳೆ ಕಾಣುತ್ತಿದ್ದವು.

ಗಾಂಧಿ ಟೋಪಿಗೂ ಕಣ್ಣಿನ ಗೆರೆ, ಕಿವಿಯ ಅಳತೆ ಇದೇ. ಅದರ ಮುಂದಿನ ಚೂಪು ಮೂಗಿನ ನೇರಕ್ಕೆ ಬಂದರೆ ಆಯಿತು. ತಲೆ ಮೇಲಿನ ಸೆರಗಿಗೆ ಮಾತ್ರ ಕಿವಿ ಮುಚ್ಚಿರುತ್ತದೆ, ಅಲ್ವಾ? ಅಲ್ಲಿ ಬೈತಲೆಯಿಂದ ಎರಡೂ ಕೆನ್ನೆಯ ಕಡೆ ಸೆರಗು ಒಂದೇ ರೀತಿ ಇಳಿದಿದೆಯೇ ಎಂದು ನೋಡಿ.