ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಬದಲಿಸುವುದು ಹೇಗೆ?

ಪಿಯುಸಿ ಮುಗಿಸಿ ಶಿರಸಿಯಿಂದ ಬೆಂಗಳೂರಿನ ಕಾಲೇಜಿಗೆ ಹೊರಟ ಹುಡುಗರಿಗೆ ಮೆಟ್ರೊ ಹತ್ತುವುದೇನೂ ಕಷ್ಟ ಅಲ್ಲ. ನಡುವೆ ಇಳಿದು ಇನ್ನೊಂದು ಹತ್ತುವಾಗಲೇ ಗಲಿಬಿಲಿ. ನಮ್ಮ ಪಕ್ಕದ ಮನೆಯ ಮಾಣಿ ವಿನಯನ ಮೊದಲ ದಿನವನ್ನೇ ನೋಡಿ. ಉಳಿದದ್ದು ದಾಸರಹಳ್ಳಿಯ ಚಿಕ್ಕಮ್ಮನ ಮನೆಯಲ್ಲಿ, ಕಾಲೇಜು ಜ್ಞಾನಭಾರತಿ ಹತ್ತಿರ. ಅಂದರೆ ಮೊದಲು ಹಸಿರು ಮಾರ್ಗ, ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ ಮಾರ್ಗ.

ಮೊದಲ ಕೆಲಸ: ಎರಡೂ ರೈಲಿನ ಕೊನೆಯ ನಿಲ್ದಾಣದ ಹೆಸರು ಚೀಟಿಯಲ್ಲಿ ಬರೆದುಕೊಳ್ಳಿ. ರಾಗಿಹೊಸಳ್ಳಿಗೆ ಹೋಗುವವರು ಕುಮಟಾ ಬೋರ್ಡಿನ ಬಸ್ ಹತ್ತುತ್ತಾರೆ ಅಲ್ವಾ, ಇಲ್ಲೂ ಹಾಗೇ. ಪ್ಲಾಟ್‌ಫಾರ್ಮಿನ ಬೋರ್ಡಿನಲ್ಲಿ ನಿಮ್ಮ ಊರು ಹುಡುಕಬೇಡಿ. ವಿನಯನ ಚೀಟಿಯಲ್ಲಿದ್ದದ್ದು ಎರಡೇ: ರೇಷ್ಮೆ ಸಂಸ್ಥೆ, ಚಲ್ಲಘಟ್ಟ.

ಟೋಕನ್ ತೆಗೆದುಕೊಳ್ಳುವಾಗ ಸೀದಾ ಜ್ಞಾನಭಾರತಿಗೇ ಕೇಳಿ. ಗೇಟಿಗೆ ಮುಟ್ಟಿಸಿ ಒಳಗೆ ಹೋದ ಮೇಲೆ ಅದನ್ನು ಅಂಗಿ ಜೇಬಿನಲ್ಲಿ ಬೇರೆಯಾಗಿಯೇ ಇಟ್ಟುಕೊಳ್ಳಿ, ಚಿಲ್ಲರೆ ಜೊತೆ ಬೇಡ. ಕೊನೆಯ ಗೇಟಿನಲ್ಲಿ ಅದನ್ನೇ ಹಾಕಬೇಕು.

ದಾಸರಹಳ್ಳಿಯಿಂದ ರೈಲು ಮೇಲ್ಸೇತುವೆಯ ಮೇಲೇ ಸಾಗುತ್ತದೆ. ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ ದಾಟಿದ ಮೇಲೆ ಸುರಂಗಕ್ಕೆ ಇಳಿಯುತ್ತದೆ. ಕಿಟಕಿ ಕತ್ತಲಾಯಿತು ಅಂದರೆ ಬಾಗಿಲ ಹತ್ತಿರ ಬನ್ನಿ, ಮುಂದಿನದೇ ಮೆಜೆಸ್ಟಿಕ್. ನೂಕುನುಗ್ಗಲಿನಲ್ಲಿ ಇಳಿಯಲು ಆಗದೆ ಚಿಕ್ಕಪೇಟೆಗೆ ಹೋದರೂ ಹೆದರಬೇಡಿ, ಅಲ್ಲಿ ಇಳಿದು ವಾಪಸ್ ರೈಲು ಹಿಡಿಯಿರಿ.

ಮೆಜೆಸ್ಟಿಕ್‌ನಲ್ಲಿ ಜನ ಹೋದ ಕಡೆ ಸುಮ್ನೆ ಹೋಗಬೇಡಿ. ಅವರಲ್ಲಿ ಅರ್ಧ ಜನ ಬಸ್ ನಿಲ್ದಾಣಕ್ಕೆ ಹೊರಟವರು. ಅವರ ಹಿಂದೆ ಹೋಗಿ ಗೇಟಿನಲ್ಲಿ ಟೋಕನ್ ಹಾಕಿದರೆ ಮುಗಿಯಿತು, ಮತ್ತೆ ದುಡ್ಡು ಕೊಟ್ಟು ಟಿಕೆಟ್ ತೆಗೆಯಬೇಕು. ನೇರಳೆ ಬಣ್ಣದ ಬೋರ್ಡು ಹಿಡಿದು ಹೋಗಿ, ಮಾರ್ಗ ಬದಲಿಸಲು ಗೇಟು ದಾಟುವ ಅಗತ್ಯವೇ ಇಲ್ಲ.

ವಿನಯ ಇಷ್ಟನ್ನೂ ಸರಿಯಾಗಿಯೇ ಮಾಡಿದ. ನೇರಳೆ ಪ್ಲಾಟ್‌ಫಾರ್ಮಿಗೆ ಬಂದಾಗ ಒಂದು ರೈಲು ಬಾಗಿಲು ತೆರೆದು ನಿಂತಿತ್ತು, ಓಡಿ ಹತ್ತಿದ. ಅದು ವೈಟ್‌ಫೀಲ್ಡ್ ಕಡೆಯದು. ಬಣ್ಣ ಸರಿ, ದಿಕ್ಕು ತಪ್ಪು. ಇದೇ ಎಲ್ಲರೂ ಜಾಸ್ತಿ ಮಾಡುವ ತಪ್ಪು, ಪತ್ತೆ ಹಚ್ಚುವುದೂ ಸುಲಭ. ಚಲ್ಲಘಟ್ಟ ಕಡೆಯ ರೈಲಾದರೆ ಮೊದಲು ಸಿಟಿ ರೈಲ್ವೆ ನಿಲ್ದಾಣ ಬರುತ್ತದೆ, ಅದು ದಾಟಿದ ಮೇಲೆ ಮಾಗಡಿ ರಸ್ತೆ ಹೊತ್ತಿಗೆ ಹೊರಗೆ ಬೆಳಕು ಕಾಣುತ್ತದೆ. ಸೆಂಟ್ರಲ್ ಕಾಲೇಜು ಅಂತ ಘೋಷಣೆ ಕೇಳಿದರೆ ನೀವು ಉಲ್ಟಾ ಹೊರಟಿದ್ದೀರಿ. ವಿನಯ ಅದನ್ನು ಕೇಳಿ ಅಲ್ಲೇ ಇಳಿದು, ಅದೇ ಪ್ಲಾಟ್‌ಫಾರ್ಮಿನ ಆಚೆ ಬದಿಗೆ ನಡೆದು ಚಲ್ಲಘಟ್ಟದ ರೈಲು ಹತ್ತಿದ. ಗೇಟಿನಿಂದ ಹೊರಗೆ ಹೋಗಲಿಲ್ಲ, ಹಾಗಾಗಿ ಟೋಕನ್ ಅದೇ ಸಾಕಾಯಿತು.

ಜ್ಞಾನಭಾರತಿಯಲ್ಲಿ ಇಳಿದ ಮೇಲೆ ಮೆಟ್ಟಿಲು ಇಳಿಯುವ ಮೊದಲೇ ಕಾಲೇಜು ಯಾವ ಕಡೆ ಅಂತ ಸಿಬ್ಬಂದಿಯನ್ನು ಕೇಳಿ. ಬೇರೆ ಕಡೆ ಇಳಿದರೆ ಮೈಸೂರು ರಸ್ತೆ ದಾಟಬೇಕಾಗುತ್ತದೆ, ಬೆಳಗಿನ ಹೊತ್ತು ಅದರ ಸಹವಾಸ ಬೇಡ.