ಹದಿನೈದು ನಿಮಿಷದಲ್ಲಿ ತಂಡದ ಚಿತ್ರದಾಟ

ಮನೆಯಿಂದ ಕೆಲಸ ಮಾಡುವ ತಂಡಕ್ಕೆ ಆಟವಾಡಿಸಲು ಹೊರಟವರು ಮೊದಲು ಎಡವುವುದು ಸಮಯದ ಲೆಕ್ಕದಲ್ಲಿ. ವಾರದ ಮೀಟಿಂಗಿನ ಕೊನೆಯಲ್ಲಿ ಸಿಗುವ ಹದಿನೈದು ನಿಮಿಷದಲ್ಲಿ ಆಟ ಅರ್ಧಕ್ಕೇ ನಿಂತರೆ ಚಿತ್ರ ಬರೆಯುವ ಸರದಿ ಕೆಲವರಿಗೆ ಬರುವುದೇ ಇಲ್ಲ, ಮುಂದಿನ ವಾರ ಅವರು ಆಟಕ್ಕೂ ಬರುವುದಿಲ್ಲ. ಏನನ್ನೂ ಡೌನ್‌ಲೋಡ್ ಮಾಡದೆ, ಖಾತೆ ತೆರೆಯದೆ, ಬ್ರೌಸರಿನಲ್ಲೇ ಆಡಬಹುದಾದ skribbl.io ಎಂಬ ಚಿತ್ರದಾಟವನ್ನು ಆರು ಜನರ ತಂಡಕ್ಕೆ ಹೊಂದಿಸುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ. ಒಬ್ಬರು ಗುಟ್ಟಾಗಿ ಒಂದು ಪದವನ್ನು ಆರಿಸಿಕೊಂಡು ಅದರ ಚಿತ್ರ ಬರೆಯುತ್ತಾರೆ, ಉಳಿದವರು ಆ ಪದವನ್ನು ಊಹಿಸಿ ಟೈಪ್ ಮಾಡುತ್ತಾರೆ. ಬೇಗ ಊಹಿಸಿದವರಿಗೆ ಹೆಚ್ಚು ಅಂಕ.

ತಯಾರಿ ಎರಡು ದಿನ ಮೊದಲೇ ಆರಂಭವಾಗಬೇಕು. ಪ್ರತಿಯೊಬ್ಬ ಸಹೋದ್ಯೋಗಿಯಿಂದಲೂ ಏಳು ಪದಗಳನ್ನು ಖಾಸಗಿ ಸಂದೇಶದಲ್ಲಿ ತರಿಸಿಕೊಳ್ಳಿ. ಅವು ಅವರ ಕೆಲಸದ ಮೇಜಿನ ಮೇಲೆ, ಕಿಟಕಿಯಾಚೆ ಅಥವಾ ಊರಿನಲ್ಲಿ ಕಾಣುವ ವಸ್ತುಗಳಾಗಿರಲಿ. ಒಟ್ಟು ನಲವತ್ತೆರಡು ಪದಗಳಾಗುತ್ತವೆ. ಇಷ್ಟು ಬೇಕಾಗಲು ಕಾರಣವಿದೆ: ಆರು ಜನ ಎರಡು ಸುತ್ತು ಆಡಿದರೆ ಹನ್ನೆರಡು ಸರದಿ, ಪ್ರತಿ ಸರದಿಗೂ ಆಟವು ಆಯ್ಕೆಗೆ ಮೂರು ಪದಗಳನ್ನು ಮುಂದಿಡುತ್ತದೆ. ಆಟದಲ್ಲಿರುವ ಸಿದ್ಧ ಪದಗಳಿಂದ ನಗು ಬರಬಹುದು, ಆದರೆ ಸಹೋದ್ಯೋಗಿಗಳ ಬಗ್ಗೆ ಏನೂ ತಿಳಿಯುವುದಿಲ್ಲವಾದ್ದರಿಂದ ಈ ಶ್ರಮವನ್ನು ಬಿಡಬಾರದೆಂಬುದು ನನ್ನ ಅನುಭವ.

ಪದಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿ ಹೀಗೆ ಬರೆದಿಟ್ಟುಕೊಳ್ಳಿ:

```
auto, borewell, coconut, pressure cooker, umbrella
```

ಇಂಗ್ಲಿಷ್ ಲಿಪಿಯನ್ನು ಸೂಚಿಸಲು ಕಾರಣ, ಎಲ್ಲರ ಕಂಪ್ಯೂಟರಿನಲ್ಲೂ ಕನ್ನಡ ಕೀಲಿಮಣೆ ಸಿದ್ಧವಿರುವುದಿಲ್ಲ. ಇನ್ನೊಂದು ತೊಡಕೂ ಇದೆ. ಆಟವು ಪದದ ಉದ್ದವನ್ನು ಖಾಲಿ ಗೆರೆಗಳಲ್ಲಿ ತೋರಿಸುತ್ತದೆ. ನಮಗೆ ‘ಮೈಸೂರು’ ಮೂರೇ ಅಕ್ಷರವಾದರೂ ಗುಣಿತದ ಚಿಹ್ನೆಗಳು ಕಂಪ್ಯೂಟರಿಗೆ ಪ್ರತ್ಯೇಕ ಸಂಕೇತಗಳಾದ್ದರಿಂದ ಅದರ ಎಣಿಕೆಗೆ ಆರು ಸಿಗುತ್ತದೆ, ಊಹಿಸುವವರು ದಾರಿ ತಪ್ಪುತ್ತಾರೆ. ಒಂದಕ್ಕಿಂತ ಹೆಚ್ಚು ಕಾಗುಣಿತವಿರುವ ಪದಗಳನ್ನೂ ಪಟ್ಟಿಯಿಂದ ತೆಗೆಯಿರಿ. ಪಟ್ಟಿಯಲ್ಲಿ idli ಇದ್ದು ಒಬ್ಬರು idly ಎಂದು ಬರೆದರೆ, ಹತ್ತಿರ ಬಂದಿರುವಿರಿ ಎಂದಷ್ಟೇ ಆಟ ತಿಳಿಸುತ್ತದೆ, ಅಂಕ ಕೊಡುವುದಿಲ್ಲ. ಇದು ಹೊರಗಿನ ತಾಣವಾದ್ದರಿಂದ ಗ್ರಾಹಕರ ಹೆಸರು, ಕಚೇರಿಯ ಒಳಗಿನ ಯೋಜನೆಗಳ ಹೆಸರು ಪಟ್ಟಿಯಲ್ಲಿ ಇರಕೂಡದು.

ಆಟದ ದಿನ Create Private Room ಒತ್ತಿ, ಸುತ್ತುಗಳನ್ನು ಎರಡಕ್ಕೆ, ಚಿತ್ರ ಬರೆಯುವ ಅವಧಿಯನ್ನು 40 ಸೆಕೆಂಡಿಗೆ ಇಳಿಸಿ. ಸಿದ್ಧವಾಗಿ ಬರುವ ಮೂರು ಸುತ್ತು, 80 ಸೆಕೆಂಡನ್ನು ಹಾಗೆಯೇ ಬಿಟ್ಟರೆ ಆರು ಜನರಿಗೆ ಚಿತ್ರ ಬರೆಯುವುದಕ್ಕೇ 24 ನಿಮಿಷದವರೆಗೆ ಹಿಡಿಯಬಹುದು. 40 ಸೆಕೆಂಡಿನ ಹನ್ನೆರಡು ಸರದಿಗೆ ಹೆಚ್ಚೆಂದರೆ ಎಂಟು ನಿಮಿಷ. ಪದ ಆರಿಸುವುದಕ್ಕೂ ಅಂಕ ನೋಡುವುದಕ್ಕೂ ಇನ್ನೆರಡು ನಿಮಿಷ ಸೇರಿಸಿದರೆ ಹತ್ತಾಗುತ್ತದೆ. ಎಂಟು ಜನರಿದ್ದರೆ ಇದೇ ಲೆಕ್ಕ ಹದಿಮೂರು ನಿಮಿಷ ದಾಟುವುದರಿಂದ ನಾಲ್ಕು ನಾಲ್ಕು ಜನರ ಎರಡು ಕೋಣೆ ಮಾಡುವುದೇ ವಾಸಿ. ಪದಪಟ್ಟಿಯನ್ನು ಅಂಟಿಸಿ, ಅವುಗಳನ್ನು ಮಾತ್ರ ಬಳಸುವಂತೆ ಗುರುತು ಹಾಕಿ, ಆಹ್ವಾನದ ಲಿಂಕನ್ನು ಮೀಟಿಂಗಿನ ಚಾಟ್‌ನಲ್ಲಿ ಹಾಕಿ.

ಆಟ ನಡೆಯುವಾಗ ಯಾರೂ ಪರದೆಯನ್ನು ಹಂಚಿಕೊಳ್ಳಬಾರದು. ಚಿತ್ರ ಬರೆಯುವವರ ಪರದೆಯಲ್ಲಿ ಉತ್ತರ ಕಾಣುತ್ತಿರುತ್ತದೆ. ಊಹೆಯನ್ನು ಬಾಯಲ್ಲಿ ಹೇಳದೆ ಟೈಪ್ ಮಾಡಬೇಕೆಂದು ಮೊದಲೇ ತಿಳಿಸಿ, ಇಲ್ಲವಾದರೆ ಒಬ್ಬರ ಉದ್ಗಾರವೇ ಎಲ್ಲರಿಗೂ ಉತ್ತರ ಕೊಟ್ಟುಬಿಡುತ್ತದೆ. ಕೆಲವು ಕಚೇರಿಗಳ ಜಾಲದಲ್ಲಿ ಆಟದ ತಾಣಗಳಿಗೆ ತಡೆಯಿರುತ್ತದೆಯಾದ್ದರಿಂದ ಹಿಂದಿನ ದಿನ ಎಲ್ಲರೂ ತಾಣವನ್ನು ಒಮ್ಮೆ ತೆರೆದು ನೋಡಲಿ. ತೆರೆಯದವರು ಸ್ವಂತ ಮೊಬೈಲಿನ ಬ್ರೌಸರಿನಲ್ಲಿ ಬರಬಹುದು, ಅಲ್ಲಿ ಬೆರಳಿನಿಂದ ಬರೆಯುವುದು ಲ್ಯಾಪ್‌ಟಾಪಿನ ಟಚ್‌ಪ್ಯಾಡಿಗಿಂತ ಸುಲಭವೂ ಹೌದು.

ಸೇರಿಕೊಳ್ಳಲು ಎರಡು ನಿಮಿಷ, ಆಟಕ್ಕೆ ಹತ್ತು ನಿಮಿಷ ಹೋದ ಮೇಲೆ ಉಳಿಯುವ ಮೂರು ನಿಮಿಷವನ್ನು, ಯಾರೂ ಊಹಿಸಲಾಗದ ಚಿತ್ರಕ್ಕೆ ಮೀಸಲಿಡಿ. ಆ ಪದವನ್ನು ಕೊಟ್ಟವರು ಯಾರು, ಏಕೆ ಕೊಟ್ಟರು ಎಂದು ಕೇಳಿ. ನಮ್ಮ ತಂಡದಲ್ಲಿ ಒಮ್ಮೆ ಒಬ್ಬರು ನೆಟ್ಟನೆಯ ಗೆರೆಯೊಂದನ್ನು ಎಳೆದು ಅದರ ಕೆಳಗೆ ಎರಡು ಹನಿ ಬರೆದರು, ಯಾರಿಗೂ ಹೊಳೆಯಲಿಲ್ಲ. ಪದ borewell. ಅದನ್ನು ಕೊಟ್ಟಿದ್ದ ಕೋಲಾರದ ಕಡೆಯ ಗೆಳೆಯ, ಮನೆಯ ಹಿಂದಿನ ತೋಟದಲ್ಲಿ ಮೂರನೆಯ ಕೊಳವೆಬಾವಿ ಕೊರೆಸುತ್ತಿದ್ದಾರೆ, ಮೊದಲಿನ ಎರಡರಲ್ಲೂ ನೀರು ಬರಲಿಲ್ಲ ಎಂದರು. ಎರಡು ವಾರದಿಂದ ಮೀಟಿಂಗಿನಲ್ಲಿ ಅವರು ಮೈಕ್ ಆನ್ ಮಾಡದೆ ಚಾಟ್‌ನಲ್ಲೇ ಉತ್ತರಿಸುತ್ತಿದ್ದುದು ಏಕೆಂದು ನಮಗೆ ತಿಳಿದದ್ದು ಆಗ.