ವಚನ ಚಾನೆಲ್ ಕಾಮೆಂಟ್ ಜಗಳ ಹೆಂಗೆ ನಿಲ್ಸಿದೆ – ನನ್ನ ಅನುಭವ

ನಾನು ನೋಡ್ಕೊಳ್ಳೋ ವಚನಗಳ ಯೂಟ್ಯೂಬ್ ಚಾನೆಲ್‌ನಲ್ಲಿ ಯಾವ ವಿಡಿಯೋ ಹಾಕಿದ್ರೂ ಕೆಳಗೆ ವೀರಶೈವ ಬೇರೆ ಲಿಂಗಾಯತ ಬೇರೆ ಅಂತ ಜಗಳ, ಆಮೇಲೆ ಜಾತಿ ಎತ್ತಿ ಬೈಗುಳ. ನಾನು ಮೊದ್ಲು ಮಾಡಿದ ತಪ್ಪು ಅಂದ್ರೆ ಸ್ಟುಡಿಯೋ ಸೆಟ್ಟಿಂಗ್ಸ್‌ನ Blocked words ಒಳಗೆ ಆ ಎರಡು ಹೆಸರನ್ನೇ ಹಾಕ್ಬಿಟ್ಟೆ, ಭಕ್ತಿಯಿಂದ ಬರೆದವರ ಕಾಮೆಂಟೆಲ್ಲ ರಿವ್ಯೂಗೆ ಹೋಗಿ ಕೂತ್ವು, ಅಲ್ಲಿ 60 ದಿನದವರೆಗೆ ಮಾತ್ರ ಇರುತ್ತೆ.

ಆಮೇಲೆ ಆ ಹೆಸರುಗಳನ್ನ ಪಟ್ಟಿಯಿಂದ ತೆಗೆದು ಬರೀ ಬೈಗುಳದ ಪದಗಳನ್ನ ಹಾಕಿದೆ, ಒಂದೊಂದನ್ನೂ ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ, ಯಾಕಂದ್ರೆ ಬೈಯೋರು ಹೆಚ್ಚಾಗಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡ್ತಾರೆ. ಪದೇ ಪದೇ ಬರೋರಿಗೆ ಡಿಲೀಟ್ ಬದಲು Hide user from channel, ಡಿಲೀಟ್ ಮಾಡಿದ್ರೆ "ಸತ್ಯ ಅಳಿಸಿದ್ರು" ಅಂತ ವಾಪಸ್ ಬರ್ತಿದ್ರು.

ಪಿನ್ ಒಂದೇ ಕಾಮೆಂಟಿಗೆ ಸಾಧ್ಯ, ಹಾಗಾಗಿ ಪದ ತೂಗಿ ಬರೀಬೇಕು. ನನ್ನ ಹಳೇ ಪಿನ್ ಆ ವಾದಕ್ಕೇ ಉತ್ತರ ಕೊಡ್ತಿತ್ತು, ಅದ್ರ ಕೆಳಗೇ ಬೆಂಕಿ. ಈಗಿನದು ಹೀಗಿದೆ:

"ಶರಣು. ಇಲ್ಲಿ ಈ ವಚನದ ಅರ್ಥ ಮಾತ್ರ ಮಾತಾಡೋಣ. ಅರ್ಥ ತಪ್ಪಿದ್ರೆ ಯಾವ ನಿಮಿಷದಲ್ಲಿ ಅಂತ ಬರೀರಿ, ತಿದ್ಕೋತೀವಿ. ಯಾವುದೇ ಜಾತಿ, ಮಠದ ನಿಂದನೆ ಇದ್ರೆ ತೆಗೀತೀವಿ."

ಮರುದಿನವೇ ಹಿರಿಯರೊಬ್ರು 4ನೇ ನಿಮಿಷದ ಒಂದು ಪದದ ಅರ್ಥ ತಿದ್ದಿದ್ರು, ಅವರು ಹೇಳಿದ್ದೇ ಸರಿ ಇತ್ತು.